ಎಂಟು ನಿಮಿಷದ ಔಷಧ ಇಪ್ಪತ್ತೈದಾದಾಗ

ಶಿವಮೊಗ್ಗದ ಒಂದು ಮನೆ. ಆರು ವರ್ಷದ ಮೊಮ್ಮಗನಿಗೆ ಮಳೆಗಾಲ ಬಂತೆಂದರೆ ಉಬ್ಬಸ. ವೈದ್ಯರ ಸಲಹೆಯಂತೆ ಮನೆಗೇ ಒಂದು ನೆಬ್ಯುಲೈಸರ್ ತಂದಿದ್ದಾರೆ. ಅದರ ಉಸ್ತುವಾರಿ ಅಜ್ಜಿಯದು. ಹೊಸದರಲ್ಲಿ 8 ನಿಮಿಷಕ್ಕೆ ಮುಗಿಯುತ್ತಿದ್ದ ಔಷಧ ಮೂರು ತಿಂಗಳಾಗುವಷ್ಟರಲ್ಲಿ 25 ನಿಮಿಷವಾದರೂ ಮುಗಿಯದಾಯಿತು. ಹುಡುಗ ಮಾಸ್ಕ್ ಕಿತ್ತು ಅಳುತ್ತಿದ್ದ. ಯಂತ್ರ ಸೋತಿದೆ, ಬೇರೆ ತರಬೇಕು ಎಂದು ಅವನ ಅಪ್ಪನ ತೀರ್ಮಾನ.

ವೈದ್ಯರ ಬಳಿ ಹೋದಾಗ ಅಲ್ಲಿದ್ದ ನರ್ಸ್ ಯಂತ್ರವನ್ನು ಮುಟ್ಟಲೇ ಇಲ್ಲ. ಔಷಧ ಹಾಕುವ ಪುಟ್ಟ ಕಪ್ಪನ್ನು ತಿರುಗಿಸಿ ಬಿಚ್ಚಿದರು. 'ಅಜ್ಜಿ, ಇದನ್ನು ತೊಳೀತೀರಾ?'

'ಪ್ರತಿ ಸಲ ತೊಳೀತೀನಮ್ಮ.'

'ಒಳಗಿನ ಈ ಟೊಪ್ಪಿಗೆ ತೆಗೆದು?'

ಅದು ತೆಗೆಯಲು ಬರುತ್ತದೆಂದೇ ಅಜ್ಜಿಗೆ ತಿಳಿದಿರಲಿಲ್ಲ.

ನೆಬ್ಯುಲೈಸರಿನ ಜೀವ ಇರುವುದು ಈ ಟೊಪ್ಪಿಗೆಯ ಅಡಿಯಲ್ಲಿ. ಅನೇಕರು ಇದನ್ನು 'ಹಬೆ' ಎನ್ನುತ್ತಾರೆ. ಹಬೆಯಲ್ಲ, ಇದು ತಣ್ಣನೆಯ ಮಂಜು. ಹಿಂದೆ ಸೊಳ್ಳೆಗೆ ಔಷಧ ಹೊಡೆಯುತ್ತಿದ್ದ ಕೈಪಂಪಿನ ತತ್ವವೇ ಇಲ್ಲಿಯದು. ಯಂತ್ರ ಒತ್ತಿ ಕಳಿಸಿದ ಗಾಳಿ ಕಪ್ಪಿನ ತಳದ ಸೂಜಿಮೊನೆಯಂಥ ರಂಧ್ರದಿಂದ ರಭಸವಾಗಿ ಹೊಮ್ಮುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗಿ ಔಷಧ ಮೇಲಕ್ಕೆ ಎಳೆಯಲ್ಪಟ್ಟು ಸಿಡಿದು ಹನಿಯಾಗುತ್ತದೆ. ದಪ್ಪ ಹನಿಗಳು ಒಳಗಿನ ತಡೆಗೆ ಬಡಿದು ಮತ್ತೆ ಕಪ್ಪಿಗೆ ಬೀಳುತ್ತವೆ. ಮಿಲಿಮೀಟರಿನ ಸಾವಿರದ 1ರಿಂದ 5 ಭಾಗದಷ್ಟು ಸಣ್ಣವು ಮಾತ್ರ ಶ್ವಾಸಕೋಶದ ಆಳ ತಲುಪುತ್ತವೆ. ಒಣಗಿದ ಔಷಧ ಆ ರಂಧ್ರಕ್ಕೆ ಮೆತ್ತಿಕೊಂಡರೆ ಮಂಜು ತೆಳುವಾಗಿ, ಹೊತ್ತು ಬೆಳೆಯುತ್ತ ಹೋಗುತ್ತದೆ. ಅಜ್ಜಿಯ ಕಪ್ಪಿಗೆ ಆಗಿದ್ದು ಇದೇ.

ಹಾಗೆಂದು ರಂಧ್ರಕ್ಕೆ ಪಿನ್ ಚುಚ್ಚಬಾರದು. ರಂಧ್ರ ದೊಡ್ಡದಾದರೆ ಹನಿಯೂ ದಪ್ಪವಾಗಿ ಗಂಟಲಲ್ಲೇ ಉಳಿಯುತ್ತದೆ. ಪ್ರತಿ ಸಲ ಮುಗಿದ ಕೂಡಲೇ ಕಪ್ಪು, ಒಳಗಿನ ಟೊಪ್ಪಿಗೆ, ಮಾಸ್ಕ್ ಅಥವಾ ಮೌತ್‌ಪೀಸ್ ಬಿಡಿಸಿ, ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ತೊಳೆಯಬೇಕು. ಕೊನೆಯ ಜಾಲಾಟ ಕುದಿಸಿ ಆರಿಸಿದ ನೀರಿನಲ್ಲಿ ಆಗಬೇಕು, ಏಕೆಂದರೆ ನಲ್ಲಿನೀರಿನ ಸೂಕ್ಷ್ಮಜೀವಿ ತೇವದ ಕಪ್ಪಿನಲ್ಲಿ ಬೆಳೆದರೆ ಮುಂದಿನ ಸಲ ಔಷಧದ ಜೊತೆ ನೇರ ಎದೆಗೆ ಇಳಿಯುತ್ತದೆ. ಕೊಡವಿ, ಶುಭ್ರ ಬಟ್ಟೆಯ ಮೇಲೆ ಹಾಗೇ ಒಣಗಬಿಡಬೇಕು. ಒದ್ದೆಯಿರುವಾಗ ಡಬ್ಬಿಗೆ ಹಾಕಿ ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಕುದಿಸಿದರೆ ತಾಳುವ ಕಪ್ಪುಗಳಿವೆ, ಸೊಟ್ಟಗಾಗುವವೂ ಇವೆ. ಅದನ್ನು ಜೊತೆಗೆ ಬರುವ ಕಾಗದ ನೋಡಿಯೇ ತಿಳಿಯಬೇಕು. ಗಾಳಿಯ ಕೊಳವೆಯನ್ನು ತೊಳೆಯುವಂತಿಲ್ಲ. ಅದರಲ್ಲಿ ಪಸೆ ಕಂಡರೆ ಕಪ್ಪಿಲ್ಲದೆ ಯಂತ್ರವನ್ನು ಒಂದೆರಡು ನಿಮಿಷ ಓಡಿಸಿದರೆ ಸಾಕು.

ಮರುದಿನ ಅದೇ ಯಂತ್ರದಲ್ಲಿ ಔಷಧ 9 ನಿಮಿಷಕ್ಕೆ ಮುಗಿಯಿತು. ತೊಳೆದ ಮೇಲೂ ನಿಧಾನವೇ ಆಗಿದ್ದರೆ ಯಂತ್ರದ ಗಾಳಿ ಸೋಸುವ ಫಿಲ್ಟರ್ ಕಪ್ಪಾಗಿದೆಯೇ, ಕೊಳವೆಯ ಜೋಡಣೆ ಸಡಿಲವೇ ಎಂದು ನೋಡಬೇಕಿತ್ತು.

ಹಾಗಾದರೆ ಎಷ್ಟು ಹೊತ್ತು? ಎರಡೂವರೆ ಮೂರು ಮಿಲಿಲೀಟರ್ ಔಷಧಕ್ಕೆ ಸಾಮಾನ್ಯವಾಗಿ 5ರಿಂದ 10 ನಿಮಿಷ. ಆದರೆ ಗಡಿಯಾರಕ್ಕಿಂತ ಕಿವಿಯೇ ಲೇಸು. ಮಂಜು ಒಂದೇ ಸಮನೆ ಬರುತ್ತಿದ್ದುದು ಬಿಟ್ಟು ಬಿಟ್ಟು ಬರತೊಡಗಿ, ಕಪ್ಪು ಪಟಪಟ ಸದ್ದು ಮಾಡಿದಾಗ ಗೋಡೆಯ ಹನಿಗಳು ಇಳಿಯುವಂತೆ ಮೆಲ್ಲಗೆ ತಟ್ಟಿ, ಇನ್ನೊಂದು ನಿಮಿಷ ಬಿಟ್ಟು ನಿಲ್ಲಿಸಬಹುದು. ತಳದಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಆ ಉಳಿಕೆಯೂ ವ್ಯರ್ಥವಾಗದಿರಲೆಂದು ಅಜ್ಜಿ ಎರಡು ಹನಿ ಕುಡಿಯುವ ನೀರು ಸೇರಿಸುತ್ತಿದ್ದರಂತೆ! ಬರಿಯ ನೀರಿನ ಮಂಜು ಉಬ್ಬಸದವರ ಶ್ವಾಸನಾಳವನ್ನು ಕೆರಳಿಸಿ ಬಿಗಿ ಹಿಡಿಸುತ್ತದೆ. ಔಷಧ ತೆಳುಮಾಡಲು ವೈದ್ಯರು ಹೇಳಿದ್ದರೆ ನಾರ್ಮಲ್ ಸಲೈನ್ ಮಾತ್ರ. ಉಳಿದದ್ದನ್ನು ಚೆಲ್ಲಬೇಕು, ಸಂಜೆಗೆಂದು ಇಡಬಾರದು.

ಹುಡುಗ ಅತ್ತಾಗ ಅಜ್ಜಿ ಮಾಸ್ಕನ್ನು ಮುಖದಿಂದ ಎರಡು ಬೆರಳು ದೂರ ಹಿಡಿಯುತ್ತಿದ್ದರು. ಪ್ರೀತಿಯೇನೋ ಸರಿ, ಆದರೆ ಔಷಧದ ಬಹುಪಾಲು ಕೋಣೆಗೆ ಹೋಯಿತು. ಅಳುವಾಗ ಉಸಿರು ಹೊರಗೆ ಉದ್ದ, ಒಳಗೆ ಗಿಡ್ಡ. ಮಾಸ್ಕ್ ಅಂಟಿಕೊಂಡಿದ್ದರೂ ಒಳಗೆ ಹೋಗುವುದು ಕಡಿಮೆ. ಆದ್ದರಿಂದ ಸಮಾಧಾನಪಡಿಸಿ, ನೆಟ್ಟಗೆ ಕೂರಿಸಿ, ಮಾಸ್ಕನ್ನು ಕೆನ್ನೆಗೆ ಕೂಡುವಂತೆ ಹಿಡಿಯಬೇಕು. ಈ ಹುಡುಗನ ವಯಸ್ಸಿಗೆ ಮೌತ್‌ಪೀಸ್ ಇನ್ನೂ ಒಳ್ಳೆಯದು. ಮೂಗು ಸೋಸಿ ಹಿಡಿದಿಡುವ ಔಷಧವೂ ಆಗ ಬಾಯಿಯ ಮೂಲಕ ಒಳಗಿಳಿಯುತ್ತದೆ. ತುಟಿ ಮುಚ್ಚಿ, ಕಪ್ಪನ್ನು ನೆಟ್ಟಗೆ ಹಿಡಿದು, ಸಹಜವಾಗಿ ಉಸಿರಾಡಿದರಾಯಿತು. ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಔಷಧವಾದರೆ ಮುಗಿದ ಮೇಲೆ ಬಾಯಿ ಮುಕ್ಕಳಿಸಬೇಕು, ಮಾಸ್ಕ್ ಹಾಕಿದ್ದರೆ ಮುಖವನ್ನೂ ತೊಳೆಯಬೇಕು.

ಸಾಲ್ಬುಟಮಾಲ್ ಕೊಟ್ಟ ಮೇಲೆ ಕೈ ತುಸು ನಡುಗುವುದು, ಎದೆ ಬಡಿತ ಏರುವುದು ಉಂಟು, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆದರೆ ಔಷಧ ಸರಿಯಾಗಿ ಮುಗಿದ ನಂತರವೂ ಪಕ್ಕೆಯೆಲುಬುಗಳ ನಡುವೆ ಚರ್ಮ ಒಳಗೆ ಸೆಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾಗಿದ್ದರೆ, ಮತ್ತೆ ಮತ್ತೆ ಕಪ್ಪು ತುಂಬುತ್ತ ಮನೆಯಲ್ಲಿ ಕೂರುವಂತಿಲ್ಲ. ಆಗ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಆಟೋ ಹಿಡಿಯಬೇಕಾದದ್ದು ಆಸ್ಪತ್ರೆಗೆ.