ಕಾಡಾಟದಿಂದ ಮುತ್ತಿಗೆ: ಜೋಗತಿ ಪರಂಪರೆಯಲ್ಲಿ ಲಿಂಗತ್ವ ಮತ್ತು ನಂಬಿಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಇಂದು ವಿಜಯನಗರ ಜಿಲ್ಲೆಗೆ ಸೇರಿವೆ. ಈ ಸೀಮೆಯಲ್ಲಿ ಮನುಷ್ಯರನ್ನು ದೈವಕ್ಕೆ ಬಿಡುವ ಪದ್ಧತಿ ಅಪರಿಚಿತವಾದುದಲ್ಲ. ಹಡಗಲಿ ತಾಲ್ಲೂಕಿನ ಮೈಲಾರಲಿಂಗನಿಗೆ ಗೊರವರು ದೀಕ್ಷೆ ಪಡೆಯುತ್ತಾರೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಉಚ್ಚಂಗೆಮ್ಮನಿಗೆ ಹೆಣ್ಣುಮಕ್ಕಳನ್ನು ಬಿಡುತ್ತಿದ್ದ ವಾಡಿಕೆಯಿತ್ತು; ಅದನ್ನು ನಿಷೇಧಿಸುವ ಕಾಯ್ದೆ 1982ರಲ್ಲಿ ರೂಪುಗೊಂಡಿತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಬಯಸುವ ಭಕ್ತರು ತಮ್ಮ ನಂಬಿಕೆಯನ್ನು ತಮ್ಮ ಲಿಂಗಭಾವದೊಂದಿಗೆ ಹೇಗೆ ಹೊಂದಿಸಿಕೊಂಡರು ಎಂಬ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರವನ್ನು ಈ ಹಿನ್ನೆಲೆಯಲ್ಲಿಯೇ ಅರಿಯಬೇಕಾಗುತ್ತದೆ. ಆ ಉತ್ತರವೇ ಜೋಗತಿ ಅಥವಾ ಜೋಗಪ್ಪ ಪರಂಪರೆ. ಸವದತ್ತಿಯ ಎಲ್ಲಮ್ಮ ಮತ್ತು ತುಂಗಭದ್ರೆಯ ಆಚೆ ದಡದ ಹುಲಿಗಿಯ ಹುಲಿಗೆಮ್ಮ ಇದರ ಪ್ರಧಾನ ದೇವತೆಯರು.

ಈ ಪರಂಪರೆಯ ತಿರುಳು ‘ಕಾಡಾಟ’ ಎಂಬ ಒಂದು ಮಾತಿನಲ್ಲಿದೆ. ಮನೆಯ ಹುಡುಗ ಅಕ್ಕತಂಗಿಯರ ಸೀರೆ ಉಡತೊಡಗುತ್ತಾನೆ, ಹೆಣ್ಣುಮಕ್ಕಳ ನಡುವೆಯೇ ಇರುತ್ತಾನೆ, ಗಂಡಸರ ಕೆಲಸಕ್ಕೆ ಒಲ್ಲೆನೆನ್ನುತ್ತಾನೆ. ಮೊದಲು ಹೊಡೆತ ಬೀಳುತ್ತದೆ. ಆಮೇಲೆ ದೆವ್ವ ಹಿಡಿದಿದೆಯೆಂದು ಮಂತ್ರಿಸುವವರ ಬಳಿ ಒಯ್ಯುತ್ತಾರೆ. ಅದೂ ಫಲಿಸದಿದ್ದಾಗ, ಮೈಮೇಲೆ ಹುಣ್ಣು ಎದ್ದರೆ, ವಾಸಿಯಾಗದ ಬೇನೆ ಕಂಡರೆ, ತಲೆಗೂದಲು ಜಡೆಗಟ್ಟಿದರೆ, ‘ಅಮ್ಮ ಕಾಡುತ್ತಿದ್ದಾಳೆ’ ಎಂಬ ಮಾತು ಹುಟ್ಟುತ್ತದೆ. ನಿಕೊಲಸ್ ಬ್ರಾಡ್‌ಫರ್ಡ್ 1983ರಲ್ಲಿ ಪ್ರಕಟಿಸಿದ ಎಲ್ಲಮ್ಮ ಆರಾಧನೆಯ ಅಧ್ಯಯನದಲ್ಲಿ ಬೇನೆ, ಕಾವು ಮತ್ತು ಲಿಂಗಪಲ್ಲಟಗಳ ಈ ನಂಟನ್ನೇ ಮುಖ್ಯವಾಗಿ ಪರಿಶೀಲಿಸಿದರು. ದೆವ್ವ ಹಿಡಿಯುವುದಕ್ಕೂ ದೇವಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ನಿರ್ಣಾಯಕವಾದುದು. ದೆವ್ವವನ್ನು ಬಿಡಿಸಬೇಕು, ದೇವಿಗೆ ಒಪ್ಪಿಸಿಕೊಳ್ಳಬೇಕು. ಈ ನಿರ್ಣಯವಾದ ಕೂಡಲೇ ದೋಷದ ಹೊಣೆ ಹುಡುಗನ ಮೇಲಿಂದ ಜಾರುತ್ತದೆ. ಹೆಣ್ಣಾಗುವುದು ಅವನ ಹಟವಾಗಿ ಉಳಿಯದೆ ದೇವಿಯ ಹಟವಾಗುತ್ತದೆ. ‘ನನ್ನನ್ನು ದೇವರೇಕೆ ಹೀಗೆ ಮಾಡಿದ’ ಎಂದು ಅನ್ಯ ಧರ್ಮಗಳ ಭಕ್ತರು ಸಂಕಟದಿಂದ ಕೇಳುವ ಪ್ರಶ್ನೆಗೆ ಇಲ್ಲಿ ಉತ್ತರ ಮೊದಲೇ ಸಿದ್ಧವಾಗಿದೆ: ಆಕೆಗೆ ಬೇಕಾಗಿತ್ತು.

ಒಪ್ಪಿಸಿಕೊಳ್ಳುವ ವಿಧಿಯೇ ಮುತ್ತು ಕಟ್ಟುವುದು. ಮೀಯಿಸಿ, ಗಂಡುತನದ ಗುರುತಾದ ಉಡಿದಾರವನ್ನು ಹರಿದು, ಸೀರೆ ಕುಪ್ಪಸ ತೊಡಿಸಿ, ಹಸಿರು ಬಳೆ ಇಡಿಸಿ, ಹಿರಿಯ ಜೋಗತಿಯಿಂದ ಕೊರಳಿಗೆ ಮುತ್ತಿನ ಸರ ಕಟ್ಟಿಸಿ, ಭಂಡಾರ ಹಚ್ಚುತ್ತಾರೆ. ಅಂದಿನಿಂದ ಮಂಗಳವಾರ, ಶುಕ್ರವಾರಗಳಂದು ಪಡ್ಲಿಗೆ ಹಿಡಿದು ಜೋಗ ಬೇಡುವುದು ಕಟ್ಟಳೆ. ಹೆಣ್ಣಿನೊಂದಿಗೆ ಮದುವೆ ಇಲ್ಲ. ದೇವಿಗೆ ಸಂದವರಿಗೆ ಬೇರೆ ಸಂಸಾರ ಸಲ್ಲದು. ಗೊರವರಿಗೂ ಇವರಿಗೂ ಇರುವ ಅಂತರ ಇಲ್ಲಿಯೇ. ಗೊರವ ದೀಕ್ಷೆ ಪಡೆದ ಮೇಲೆಯೂ ಮನೆ, ಹೆಂಡತಿ, ಹೊಲಗಳಿಗೆ ಮರಳುತ್ತಾನೆ. ಮುತ್ತು ಕಟ್ಟಿಸಿಕೊಂಡವಳಿಗೆ ಬಹುಮಟ್ಟಿಗೆ ಮರಳುವ ಮನೆಯೇ ಇರುವುದಿಲ್ಲ.

ಮಂಜಮ್ಮ ಜೋಗತಿಯವರು ತಮ್ಮ ಬದುಕಿನ ಬಗ್ಗೆ ಬಹಿರಂಗವಾಗಿ ಹೇಳಿಕೊಂಡಿರುವ ಸಂಗತಿಗಳು ಇದಕ್ಕೆ ಸ್ಪಷ್ಟ ನಿದರ್ಶನ. ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಅವರನ್ನು ಹದಿಹರೆಯದಲ್ಲಿ ಮನೆಯವರೇ ಹುಲಿಗಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ತಾಯಿ ಅಂದು ಮಗನನ್ನು ಕಳೆದುಕೊಂಡೆನೆಂದು ಅತ್ತರು. ವಿಧಿ ಮುಗಿದ ಮಾತ್ರಕ್ಕೆ ಬದುಕು ನೆಟ್ಟಗಾಗಲಿಲ್ಲ. ವಿಷ ಕುಡಿದು ಬದುಕುಳಿದರು, ಮನೆ ಬಿಟ್ಟರು, ಭಿಕ್ಷೆ ಬೇಡಿದರು, ಅತ್ಯಾಚಾರಕ್ಕೆ ಒಳಗಾದರು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆ ಹಾಡುತ್ತಿರಲು ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ ಮಗನನ್ನು ಕಂಡದ್ದು, ಆ ಮೇಲೆ ಕಾಳವ್ವ ಜೋಗತಿಯವರ ಶಿಷ್ಯೆಯಾದದ್ದು ಅವರ ಬದುಕಿನ ತಿರುವು. ಮರಿಯಮ್ಮನಹಳ್ಳಿಯಲ್ಲಿ ನೆಲೆಸಿ ಜೋಗತಿ ನೃತ್ಯವನ್ನು ರಂಗಕ್ಕೆ ತಂದ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ನಂಬಿಕೆ ಅವರಿಗೆ ಹೆಸರನ್ನೂ ಉಡುಪನ್ನೂ ಕೊಟ್ಟಿತು. ಅನ್ನ ಮತ್ತು ಆಸರೆ ದೊರೆತದ್ದು ಗುರುಕುಲದಿಂದ, ಕಲೆಯಿಂದ. ಈ ಎರಡನ್ನೂ ಒಂದೇ ಎಂದು ಭಾವಿಸಿ ‘ನಮ್ಮ ಜನಪದ ಎಲ್ಲರನ್ನೂ ಒಪ್ಪಿಕೊಂಡಿತ್ತು’ ಎಂದು ಬರೆಯುವವರು ಆ ತಾಯಿಯ ಅಳುವನ್ನು ಕೇಳಿಸಿಕೊಂಡಂತಿಲ್ಲ.

ಈ ಪರಂಪರೆಯ ಬೆನ್ನಿಗಿರುವ ಪುರಾಣವೂ ಗಮನಾರ್ಹವಾದುದು. ತಾಯಿ ರೇಣುಕೆಯ ತಲೆ ಕಡಿಯಲು ಜಮದಗ್ನಿ ಮಕ್ಕಳಿಗೆ ಆಜ್ಞಾಪಿಸುತ್ತಾನೆ. ಹಿರಿಯ ಮಕ್ಕಳು ಒಪ್ಪುವುದಿಲ್ಲ. ಕಿರಿಯನಾದ ಪರಶುರಾಮ ಕಡಿಯುತ್ತಾನೆ. ಸಂಸ್ಕೃತ ಮಹಾಭಾರತದಲ್ಲಿ ಒಪ್ಪದ ಮಕ್ಕಳು ಶಾಪದಿಂದ ಬುದ್ಧಿಗೆಟ್ಟು ಜಡರಾಗುತ್ತಾರೆ. ಎಲ್ಲಮ್ಮನ ಭಕ್ತರಲ್ಲಿ ಪ್ರಚಲಿತವಿರುವ ಕಥನಗಳಲ್ಲಿ ಅವರು ಗಂಡುತನ ಕಳೆದುಕೊಳ್ಳುತ್ತಾರೆ. ಬದಲಾವಣೆ ಸಣ್ಣದು, ಪರಿಣಾಮ ದೊಡ್ಡದು: ಗಂಡುತನ ಕಳೆದುಕೊಂಡವರೇ ತಾಯಿಯ ಮೇಲೆ ಕೊಡಲಿ ಎತ್ತಲೊಲ್ಲದವರು. ಲೋಕ ಶಾಪವೆಂದದ್ದನ್ನು ಭಕ್ತರು ತಾಯಿಯೊಂದಿಗಿನ ನಂಟೆಂದು ಓದಿಕೊಳ್ಳಲು ಇದು ದಾರಿಯಾಗುತ್ತದೆ.

ವಚನ ಪರಂಪರೆಯ ನಿಲುವು ಬೇರೆ. ಹೆಣ್ಣು ಗಂಡೆಂಬ ಗುರುತು ದೇಹಕ್ಕೆ ಸೇರಿದ್ದು, ಆತ್ಮಕ್ಕೆ ಆ ಭೇದವಿಲ್ಲವೆಂಬ ಅರ್ಥದ ಜೇಡರ ದಾಸಿಮಯ್ಯನ ವಚನ ಪ್ರಸಿದ್ಧವಾದುದು. ಮಂಜಮ್ಮನವರ ಆತ್ಮಕಥನದ ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರು ಆ ವಚನವನ್ನು ನೆನಪಿಸುತ್ತದೆ. ಆದರೆ ವಚನಕಾರನಿಗೆ ಭೇದವೇ ಮಿಥ್ಯೆ. ಜೋಗತಿಗೆ ಭೇದ ಸತ್ಯ. ದೇವಿಗೆ ಬೇಕಾದದ್ದು ಸೀರೆಯುಟ್ಟ, ಬಳೆ ತೊಟ್ಟ ಈ ದೇಹವೇ. ಆ ಕಾರಣದಿಂದಲೇ ಹಿಜ್ರಾ ಸಮುದಾಯದ ‘ನಿರ್ವಾಣ’ವನ್ನು, ಎಂದರೆ ಅಂಗಚ್ಛೇದನವನ್ನು, ಜೋಗಪ್ಪಗಳು ಸಾಂಪ್ರದಾಯಿಕವಾಗಿ ಒಲ್ಲರು. ಇತ್ತೀಚಿನ ತಲೆಮಾರಿನಲ್ಲಿ ಶಸ್ತ್ರಚಿಕಿತ್ಸೆ ಬಯಸುವವರಿದ್ದಾರೆ. ಹಿರಿಯರ ಅಸಮಾಧಾನವೂ ಇದೆ.

ಈ ಚೌಕಟ್ಟಿನ ಮಿತಿ ಇರುವುದು ಕಾಮದ ವಿಷಯದಲ್ಲಿ. ಕಾಡಾಟ ಹೆಣ್ತನವನ್ನು ವಿವರಿಸುತ್ತದೆ, ಒಲವನ್ನು ವಿವರಿಸುವುದಿಲ್ಲ. ಮುತ್ತು ಕಟ್ಟಿಸಿಕೊಂಡವಳಿಗೆ ಸಂಗಾತಿ ಇದ್ದರೂ ಅದು ಮರೆಯ ಮಾತು. ಗಂಡಾಗಿಯೇ ಉಳಿದು ಗಂಡನ್ನು ಪ್ರೀತಿಸುವವನಿಗೆ, ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ಈ ಪರಂಪರೆಯಲ್ಲಿ ಹೆಸರೇ ಇಲ್ಲ. ಇದು ಈ ಸೀಮೆಗಷ್ಟೇ ಸೀಮಿತವಾದ ಸಂಗತಿಯೂ ಅಲ್ಲ. ಇರಾನಿನಲ್ಲಿ ಅಯಾತುಲ್ಲಾ ಖೊಮೇನಿ 1980ರ ದಶಕದಲ್ಲಿ ಫತ್ವಾ ಮೂಲಕ ಲಿಂಗಪರಿವರ್ತನೆಯ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಟ್ಟರು; ಸಲಿಂಗ ಸಂಬಂಧ ಮಾತ್ರ ಅಲ್ಲಿ ಘೋರ ಶಿಕ್ಷೆಯ ಅಪರಾಧವಾಗಿಯೇ ಉಳಿಯಿತು. ಕ್ಯಾಥೊಲಿಕ್ ಚರ್ಚು ಬೇರೊಂದು ದಾರಿ ಹಿಡಿಯಿತು: ಒಲವಿರುವ ವ್ಯಕ್ತಿಯನ್ನು ಗೌರವದಿಂದ ಕಾಣಬೇಕೆನ್ನುತ್ತಲೇ ಕ್ರಿಯೆಯನ್ನು ಪಾಪವೆಂದಿತು, 2023ರ ಡಿಸೆಂಬರಿನಲ್ಲಿ ಸಲಿಂಗಿ ಜೋಡಿಗಳನ್ನು ಹರಸಲು ಪಾದ್ರಿಗಳಿಗೆ ಅನುಮತಿಯಿತ್ತರೂ ಮದುವೆಯ ಬೋಧನೆಯನ್ನು ಬದಲಿಸಲಿಲ್ಲ.

ನಮ್ಮ ಕಾನೂನಿನಲ್ಲಿಯೂ ಈ ಎರಡು ಎಳೆಗಳು ಬೇರೆಬೇರೆಯಾಗಿಯೇ ಬಂದಿವೆ. ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಲಿಂಗತ್ವವನ್ನು ಸ್ವಯಂ ಗುರುತಿಸಿಕೊಳ್ಳುವ ಹಕ್ಕನ್ನು ಮನ್ನಿಸಿತು. 2018ರಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರತಂದಿತು. 2019ರ ಕಾಯ್ದೆಯ ವ್ಯಾಖ್ಯೆಯಲ್ಲಿ ಕಿನ್ನರ, ಹಿಜ್ರಾ, ಅರವಾಣಿಗಳ ಜೊತೆಗೆ ‘ಜೋಗ್ತಾ’ ಎಂಬ ಹೆಸರೂ ಸೇರಿತು. ದೇವಿಯ ಕಾಡಾಟದಿಂದ ಬಂದ ಗುರುತು ಹೀಗೆ ಶಾಸನದ ಪದವಾಯಿತು. ಆದರೆ ಕಾಯ್ದೆ ಗುರುತಿನ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಯ ಬಳಿ ಹೋಗಬೇಕೆಂದಿತು; ಪಡ್ಲಿಗೆ ಹೊತ್ತವಳಿಗೆ ಆ ಪತ್ರವನ್ನು ಹುಲಿಗಿಯಲ್ಲಿ ಹಿರಿಯ ಜೋಗತಿ ಎಂದೋ ಕೊರಳಿಗೆ ಕಟ್ಟಿಯಾಗಿತ್ತು.