ಮದುವೆ ಮುಗಿದ ಮೇಲೆ ಯಾರಿಗೆ ಎಷ್ಟು ಬರೆಯಬೇಕು?

ಛತ್ರದ ಲೆಕ್ಕ ಚುಕ್ತಾ ಆಗಿ, ಅಡುಗೆ ಭಟ್ಟರಿಗೆ ದುಡ್ಡು ಕೊಟ್ಟು, ಬೀಗರೂಟವೂ ಮುಗಿದ ಮೇಲೆ ಮದುವೆ ಮನೆಯವರ ಪಾಲಿಗೆ ಇನ್ನೊಂದು ಕೆಲಸ ಉಳಿಯುತ್ತದೆ: ಬಂದವರಿಗೆ ಧನ್ಯವಾದ ಹೇಳುವುದು. ಈಗ ಹೆಚ್ಚಿನವರು ಇದನ್ನು ವಾಟ್ಸಾಪಿನಲ್ಲೇ ಮುಗಿಸುತ್ತಾರೆ. ಹೂವಿನ ಚಿತ್ರದ ಮೇಲೆ ನಾಲ್ಕು ಸಾಲು ಬರೆದು ಎಲ್ಲರಿಗೂ ಕಳಿಸಿಬಿಡುತ್ತಾರೆ. ಸಂಜೆ ಆರತಕ್ಷತೆಗೆ ಬಂದು ಊಟ ಮಾಡಿ ಹೋದ ಆಫೀಸಿನ ಸ್ನೇಹಿತರಿಗೆ ಅಷ್ಟು ಸಾಕು. ಆದರೆ ಧಾರೆಗೆ ಹುಡುಗಿಯನ್ನು ಕರೆತಂದ ಸೋದರಮಾವನಿಗೂ ಅದೇ ಚಿತ್ರ ಹೋದರೆ ಅವರ ಮನಸ್ಸಿಗೆ ನೋವಾಗುತ್ತದೆ. ಹಾಗೆಂದು ನಾನೂರು ಜನಕ್ಕೂ ಬೇರೆ ಬೇರೆ ಬರೆಯಲು ಯಾರಿಗೂ ಆಗದು. ಹಾಗಾಗಿ ಮೊದಲು ಜನರನ್ನು ವಿಂಗಡಿಸಿಕೊಳ್ಳಬೇಕು, ಬರೆಯುವುದು ಆಮೇಲೆ.

ಅದಕ್ಕೆ ಮುಯ್ಯಿ ಪುಸ್ತಕವನ್ನೇ ಮುಂದಿಟ್ಟುಕೊಳ್ಳಿ. ಬಂದವರ ಹೆಸರುಗಳಲ್ಲಿ ಬಹುಪಾಲು ಅದರಲ್ಲಿ ಸಿಗುತ್ತವೆ. ಆದರೆ ಬರಲಾಗದೆ ಬೇರೆಯವರ ಕೈಲಿ ಕವರ್ ಕಳಿಸಿದವರ ಹೆಸರೂ ಅಲ್ಲೇ ಇರುತ್ತದೆ. ಅವರಿಗೆ 'ಮದುವೆಗೆ ಬಂದು ಹರಸಿದ್ದಕ್ಕೆ' ಎಂಬ ಸಾಲು ಹೋದರೆ, ತಾವು ಬಂದಿರಲಿಲ್ಲವೆಂಬುದೂ ಈ ಮನೆಯವರಿಗೆ ಗೊತ್ತಾಗಿಲ್ಲ ಅಂದುಕೊಳ್ಳುತ್ತಾರೆ. ಅಂಥ ಹೆಸರುಗಳ ಮುಂದೆ ಒಂದು ಗುರುತು ಹಾಕಿಡಿ. ಪುಸ್ತಕದಲ್ಲಿ ಇಲ್ಲದವರೂ ಇದ್ದಾರೆ: ದುಡಿದವರು. ಉಗ್ರಾಣ ನೋಡಿಕೊಂಡವರು, ಬಸ್ ನಿಲ್ದಾಣದಿಂದ ನೆಂಟರನ್ನು ಕರೆತಂದ ಹುಡುಗರು, ಚಪ್ಪರದ ದಿನದಿಂದ ಮನೆಯಲ್ಲೇ ಉಳಿದು ಕೈಜೋಡಿಸಿದ ಅಕ್ಕಪಕ್ಕದವರು. ಇವರ ಪಟ್ಟಿಯನ್ನು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಮಾಡಬೇಕು. ಯಾರು ಏನು ಮಾಡಿದರೆಂಬುದು ಅಪ್ಪನಿಗೊಂದಿಷ್ಟು, ಅಮ್ಮನಿಗೊಂದಿಷ್ಟು ಗೊತ್ತಿರುತ್ತದೆ.

ಎಲ್ಲರಿಗೂ ಹೋಗುವ ಚಿಕ್ಕ ಸಂದೇಶಕ್ಕೆ ಒಂದೇ ನಿಯಮ: ಓದುವ ಪ್ರತಿಯೊಬ್ಬರ ವಿಷಯದಲ್ಲೂ ನಿಜವಾಗಿರುವ ಮಾತನ್ನಷ್ಟೇ ಬರೆಯುವುದು. 'ಅಕ್ಷತೆ ಹಾಕಿ ಹರಸಿದಿರಿ' ಎಂದು ಬರೆಯಬೇಕೆನಿಸುತ್ತದೆ. ಆದರೆ ಹಲವರು ಹಿಂದಿನ ಸಂಜೆಯ ಆರತಕ್ಷತೆಗೆ ಬಂದು ಹೋಗಿರುತ್ತಾರೆ, ಮುಹೂರ್ತಕ್ಕೆ ಇರುವುದಿಲ್ಲ. ಆದ್ದರಿಂದ ಹೀಗೆ ಬರೆಯಬಹುದು:

'ನಮಸ್ಕಾರ. ನಮ್ಮ ಮಗಳ ಮದುವೆಗೆ ಬಿಡುವು ಮಾಡಿಕೊಂಡು ಬಂದು ಹರಸಿದಿರಿ, ಮನೆಮಂದಿಗೆಲ್ಲ ತುಂಬ ಸಂತೋಷವಾಯಿತು. ಅಂದಿನ ಗಡಿಬಿಡಿಯಲ್ಲಿ ನಿಮ್ಮ ಜೊತೆ ಸಮಾಧಾನವಾಗಿ ಮಾತಾಡಲು ಆಗಲಿಲ್ಲ. ಉಪಚಾರದಲ್ಲಿ ಲೋಪವಾಗಿದ್ದರೆ ಮನ್ನಿಸಿ. ಮಕ್ಕಳ ಮೇಲೆ ನಿಮ್ಮ ಆಶೀರ್ವಾದ ಇರಲಿ.'

ಕೆಳಗೆ ತಂದೆತಾಯಿಯ ಹೆಸರು, ಅದರ ಕೆಳಗೆ ವಧೂವರರ ಹೆಸರು. ವಧೂವರರ ಹೆಸರು ಬಿಟ್ಟರೆ, ಒಂದೇ ತಿಂಗಳಲ್ಲಿ ನಾಲ್ಕು ಮದುವೆಗೆ ಹೋದವರಿಗೆ ಇದು ಯಾವ ಮನೆಯದೆಂದು ತಿಳಿಯುವುದಿಲ್ಲ. 'ನೀವು' ಅಂತ ಶುರು ಮಾಡಿದರೆ ಕೊನೆಯವರೆಗೂ 'ನೀವು' ಇರಲಿ, ನಡುವೆ 'ತಾವು' ಬರುವುದು ಬೇಡ. ಬರಲಾಗದವರಿಗೆ ಎರಡನೇ ವಾಕ್ಯವನ್ನಷ್ಟೇ ಬದಲಾಯಿಸಿ 'ದೂರದಿಂದಲೇ ಹರಸಿದಿರಿ, ನೀವೂ ಇದ್ದಿದ್ದರೆ ಚೆನ್ನಾಗಿತ್ತು ಅಂತ ಮನೆಯಲ್ಲಿ ಮಾತಾಡಿಕೊಂಡೆವು' ಎಂದು ಬರೆಯಿರಿ. ಗಡಿಬಿಡಿಯ ಮಾತೂ ಲೋಪದ ಮಾತೂ ಅವರಿಗೆ ಬೇಕಿಲ್ಲ.

ಕಳಿಸುವ ಬಗೆಯಲ್ಲೂ ಎಚ್ಚರ ಬೇಕು. ಸಂದೇಶವನ್ನು ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಮಾಡುತ್ತ ಹೋದರೆ ಅದರ ನೆತ್ತಿಯ ಮೇಲೆ ಫಾರ್ವರ್ಡ್ ಎಂಬ ಗುರುತು ಬೀಳಬಹುದು, ಆಗ ಧನ್ಯವಾದ ಎರವಲು ತಂದಂತೆ ಕಾಣುತ್ತದೆ. ಅದರ ಬದಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೊಳ್ಳಿ. ಒಂದು ಲಿಸ್ಟಿನಲ್ಲಿ 256 ಜನರನ್ನು ಸೇರಿಸಬಹುದು. ಪ್ರತಿಯೊಬ್ಬರಿಗೂ ಸಂದೇಶ ಬೇರೆಯಾಗಿಯೇ ತಲುಪುತ್ತದೆ, ಅವರು ಕೊಟ್ಟ ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ಪತ್ರಿಕೆ ಹಂಚುವಾಗ ಹೊಸದಾಗಿ ನಂಬರ್ ತೆಗೆದುಕೊಂಡವರು ನಿಮ್ಮ ನಂಬರ್ ಇಟ್ಟುಕೊಂಡಿರುತ್ತಾರೆಂದು ಹೇಳಲಾಗದು. ಎರಡು ದಿನ ಬಿಟ್ಟು ನೋಡಿ. ಯಾರ ಹೆಸರಿನ ಮುಂದೆ ತಲುಪಿದ ಗುರುತು ಬಂದಿಲ್ಲವೋ ಅವರಿಗೆ ನೇರವಾಗಿ ಬೇರೆ ಕಳಿಸಿ. ಕುಟುಂಬದ ಗ್ರೂಪಿನಲ್ಲಿ ಹಾಕುವುದಾದರೆ ಯಾರ ಹೆಸರನ್ನೂ ಎತ್ತಬೇಡಿ. ಐದು ಜನರ ಹೆಸರು ಹೇಳಿದರೆ ಆರನೆಯವರು ತಮ್ಮ ಹೆಸರು ಹುಡುಕುತ್ತಾರೆ.

ಇನ್ನು ಹತ್ತಿರದವರು. ಹೆಚ್ಚಿನ ಮನೆಗಳಲ್ಲಿ ಇಂಥವರು ಇಪ್ಪತ್ತೋ ಮೂವತ್ತೋ ಮಂದಿ ಇರುತ್ತಾರೆ. ಇವರಿಗೆ ಉದ್ದ ಬರೆಯಬೇಕೆಂದೇನಿಲ್ಲ. ಅವರೊಬ್ಬರೇ ಮಾಡಿದ ಒಂದು ಕೆಲಸ, ಅವರೊಬ್ಬರೇ ಆಡಿದ ಒಂದು ಮಾತು ಅದರಲ್ಲಿ ಇರಬೇಕು. ಆ ಸಂದೇಶವನ್ನು ಹೆಸರು ಬದಲಿಸಿ ಇನ್ನೊಬ್ಬರಿಗೆ ಕಳಿಸಬಹುದಾದರೆ ಅದು ಇನ್ನೂ ಸರಿಯಾಗಿಲ್ಲವೆಂದೇ ಅರ್ಥ. ಸೋದರಮಾವನಿಗೆ ಹುಡುಗಿ ಹೀಗೆ ಬರೆದಾಳು:

'ಮಾವ, ಧಾರೆಗೆ ಕರ್ಕೊಂಡು ಹೋಗೋವಾಗ ನನ್ನ ಕೈ ನಡುಗ್ತಿತ್ತು. ನಿಧಾನಕ್ಕೆ ನಡಿ, ನಾನಿದ್ದೀನಿ ಅಂದ್ರಿ. ಆ ಮಾತಿನಿಂದಲೇ ಧೈರ್ಯ ಬಂತು. ಹಾರ ಬರಲಿಲ್ಲ ಅಂತ ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಿ ತಂದಿದ್ದೂ ನೀವೇ ಅಂತ ಅಮ್ಮ ಆಮೇಲೆ ಹೇಳಿದ್ಲು. ಆಷಾಢಕ್ಕೆ ಬಂದಾಗ ನಿಮ್ಮನೇಲಿ ಎರಡು ದಿನ ಇರ್ತೀನಿ, ಅತ್ತೆಗೆ ಹೇಳಿ.'

ಇಲ್ಲಿ 'ಧನ್ಯವಾದ' ಎಂಬ ಪದವೇ ಇಲ್ಲ. ಮಾವನಿಗೆ ಅದನ್ನು ಹೇಳಿದರೆ ಹೊರಗಿನವರಿಗೆ ಹೇಳಿದಂತಾಗುತ್ತದೆ. ಅವರು ಮಾಡಿದ್ದನ್ನು ನೆನೆದು ಹೇಳಿದರೆ ಸಾಕು. ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಬರೆಯಿರಿ. ಚಿಕ್ಕಂದಿನಿಂದ 'ನೀನು' ಅನ್ನುತ್ತಿದ್ದ ಚಿಕ್ಕಪ್ಪನ ಮಗನಿಗೆ ಇದ್ದಕ್ಕಿದ್ದಂತೆ 'ತಮ್ಮ ಸಹಕಾರಕ್ಕೆ' ಎಂದು ಬರೆದರೆ ಅವನು ದೂರ ನಿಂತಂತಾಗುತ್ತದೆ.

ಉಗ್ರಾಣದಲ್ಲಿದ್ದ ದೊಡ್ಡಮ್ಮನ ವಿಷಯ ಬೇರೆ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಅಕ್ಕಿ, ಬೆಲ್ಲ, ತುಪ್ಪ ಅಳೆದುಕೊಟ್ಟು, ತಾಂಬೂಲದ ಚೀಲಗಳಿಗೆ ಕಾಯಿ ತುಂಬಿಸುತ್ತ ಕೂತವರಿಗೆ ಎಷ್ಟೋ ಸಲ ಮಾಂಗಲ್ಯಧಾರಣೆ ನೋಡುವುದಕ್ಕೂ ಆಗಿರುವುದಿಲ್ಲ. ಇಂಥವರಿಗೆ ಹುಡುಗಿಯ ತಾಯಿ ಮೊದಲು ಫೋನ್ ಮಾಡಲಿ: 'ಅಕ್ಕಾ, ನೀನು ಉಗ್ರಾಣದಲ್ಲಿ ಇದ್ದಿದ್ದಕ್ಕೇ ನಾನು ಮಂಟಪದಲ್ಲಿ ನೆಮ್ಮದಿಯಾಗಿ ಕೂತೆ. ತಾಳಿ ಕಟ್ಟಿದ್ದು ನೀನು ನೋಡಲೇ ಇಲ್ಲ ಅಂತ ಅವಳು ಕೇಳ್ತಿದ್ಲು.' ಆಮೇಲೆ ಆ ಗಳಿಗೆಯ ಫೋಟೋವನ್ನು ಎಲ್ಲರಿಗಿಂತ ಮೊದಲು ಅವರಿಗೆ ಕಳಿಸಿ. ಓದುವುದು ಕಷ್ಟವಾಗುವ ಹಿರಿಯರಿಗೆ ಬರಹಕ್ಕಿಂತ ದನಿಯೇ ಮೇಲು.

ಬೀಗರಿಗೆ ಮಾತ್ರ ಹಿರಿಯರೇ ಹಿರಿಯರಿಗೆ ಹೇಳಬೇಕು, ಅದೂ ಫೋನಿನಲ್ಲಿ. ಅವರ ಕಡೆಯ ನೆಂಟರಿಗೆ ನೀವಾಗಿಯೇ ಸಂದೇಶ ಕಳಿಸುವ ಮುನ್ನ ಅವರನ್ನು ಕೇಳಿ, ಇಲ್ಲವಾದರೆ ಒಬ್ಬರಿಗೇ ಎರಡು ಮನೆಯಿಂದ ಎರಡು ಬಗೆಯ ಮಾತು ಹೋಗುತ್ತದೆ.

ಕೆಲವನ್ನು ಬರೆಯದಿರುವುದೇ ಸರಿ. ಮುಯ್ಯಿಯ ಮೊತ್ತವನ್ನು ಯಾವ ಸಂದೇಶದಲ್ಲೂ ತರಬಾರದು. ಉಡುಗೊರೆ ಕೊಟ್ಟಿದ್ದರೆ ಆ ವಸ್ತುವನ್ನು ಹೆಸರಿಸಬಹುದು, ಆದರೆ ಖಾಸಗಿಯಾಗಿ. ಯಾರಿಗಾದರೂ ನಿಜವಾಗಿ ಬೇಸರವಾಗಿದ್ದರೆ, ಉದಾಹರಣೆಗೆ ಕೊನೆಯ ಪಂಕ್ತಿಯಲ್ಲಿ ಕೂತವರಿಗೆ ಹೋಳಿಗೆ ಮುಗಿದುಹೋಗಿದ್ದರೆ, 'ಲೋಪವಾಗಿದ್ದರೆ ಮನ್ನಿಸಿ' ಎಂಬ ಸಾಮಾನ್ಯ ಮಾತಿನ ಹಿಂದೆ ಅದನ್ನು ಅಡಗಿಸಬೇಡಿ. ಅವರಿಗೆ ಫೋನ್ ಮಾಡಿ, ಆದದ್ದನ್ನು ಹೇಳಿ, ತಪ್ಪಾಯಿತು ಅನ್ನಿ.

ಚಿಕ್ಕ ಸಂದೇಶ ಮೂರು ನಾಲ್ಕು ದಿನದೊಳಗೆ ಹೋಗಲಿ. ಹತ್ತಿರದವರಿಗೆ ಬರೆಯಲು ಎರಡು ವಾರ ತೆಗೆದುಕೊಳ್ಳಬಹುದು, ದಿನಕ್ಕೆ ಇಬ್ಬರು ಮೂವರಂತೆ. ಆದರೆ ಅವರಿಗೆ ಆ ಚಿಕ್ಕ ಸಂದೇಶ ಮೊದಲೇ ಹೋಗದಂತೆ ಬ್ರಾಡ್‌ಕಾಸ್ಟ್ ಲಿಸ್ಟಿನಿಂದ ಅವರ ಹೆಸರು ಬಿಡಿ. ಬರೆದು ಮುಗಿಸಿದ ಮೇಲೆ ಆ ಪಟ್ಟಿಯನ್ನು ಹರಿದು ಹಾಕದೆ ಮುಯ್ಯಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡಿ. ಅವರ ಮನೆಯಲ್ಲಿ ಶುಭಕಾರ್ಯ ಬಂದಾಗ ಎಷ್ಟು ಮುಯ್ಯಿ ಹಾಕಬೇಕೆಂದು ಪುಸ್ತಕ ತೆರೆದು ನೋಡುತ್ತೇವೆ. ಎರಡು ದಿನ ಮುಂಚೆ ಹೋಗಿ ಉಗ್ರಾಣದಲ್ಲಿ ಕೂರಬೇಕಾದದ್ದು ಯಾರ ಮನೆಯಲ್ಲಿ ಎಂಬುದೂ ಅದೇ ಪುಸ್ತಕದಲ್ಲಿ ಸಿಗಲಿ.