ಗಾಡಿ ಹೋಯಿತು, ಹೆಸರು ಉಳಿಯಿತು

ಹಳೆಯ ಗಾಡಿಯ ವ್ಯಾಪಾರ ನಮ್ಮಲ್ಲಿ ಮುಗಿಯುವ ಬಗೆ ಗೊತ್ತಿದ್ದದ್ದೇ. ದುಡ್ಡು ಎಣಿಸಿಕೊಂಡು ಕೀಲಿ ಕೊಟ್ಟರೆ ಆಯಿತು. ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಬೀಳುತ್ತದೆ; ಕೊಳ್ಳುವವರ ಹೆಸರಿನ ಜಾಗ ಖಾಲಿ. ‘ಟ್ರಾನ್ಸ್‌ಫರ್ ನಾನೇ ಮಾಡಿಸ್ತೀನಿ ಬಿಡಿ ಸಾರ್’ ಅನ್ನುತ್ತಾನೆ ಬ್ರೋಕರ್. ಅವನಿಗೆ ಗಿರಾಕಿ ಸಿಗುವವರೆಗೂ ಆ ಜಾಗ ಖಾಲಿಯೇ. ಆಮೇಲೂ ತುಂಬುತ್ತದೆಂಬ ಖಾತ್ರಿಯೇನಿಲ್ಲ.

ಇದರ ಬೆಲೆ ಎಷ್ಟೆಂದು 2018ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪೊಂದು ತೋರಿಸಿತು. 2007ರಲ್ಲಿ ಮಾರಿದ ಕಾರೊಂದು ಕೈಯಿಂದ ಕೈಗೆ ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲೇ ಇತ್ತು. 2009ರಲ್ಲಿ ರಿವರ್ಸ್ ತೆಗೆಯುವಾಗ ಅದು ಗುದ್ದಿ ಒಬ್ಬರು ಸತ್ತರು. ಪರಿಹಾರದ ಹೊಣೆ ಬಿದ್ದದ್ದು ಆರ್‌ಸಿಯಲ್ಲಿ ಹೆಸರಿದ್ದವರ ಮೇಲೆ. ಗಾಯಗೊಂಡವರು ಯಾರು ಯಾರಿಗೆ ಮಾರಿದರೆಂದು ಹುಡುಕಿಕೊಂಡು ಅಲೆಯುವಂತಾಗಬಾರದು ಎಂಬುದು ಕೋರ್ಟಿನ ವಾದ.

ಮಾರುವ ಮುನ್ನ ನೋಡಬೇಕಾದದ್ದು ಹಳೆಯ ದಂಡ. ಕ್ಯಾಮೆರಾ ಹಿಡಿಯುವುದು ನಂಬರ್ ಪ್ಲೇಟನ್ನು; ಸಂದೇಶ ಹೋಗುವುದು ಆರ್‌ಸಿಗೆ ಜೋಡಿಸಿದ ಮೊಬೈಲಿಗೆ. ಆ ನಂಬರ್ ಬದಲಾಗಿದ್ದರೆ ವರ್ಷಗಟ್ಟಲೆ ಸುದ್ದಿಯೇ ಇರದು. ಬೆಂಗಳೂರಿನಲ್ಲಿ ಹೆಲ್ಮೆಟ್ ಇಲ್ಲದೆ ನಾಲ್ಕು ಸಲ ಸಿಕ್ಕಿಬಿದ್ದ ಸ್ಕೂಟರ್ ಎಂದುಕೊಳ್ಳಿ: ತಲಾ 500ರಂತೆ 2,000 ರೂಪಾಯಿ. ಗಾಡಿ ಸಂಖ್ಯೆ ಹಾಕಿದರೆ echallan.parivahan.gov.in ತಾಣದಲ್ಲಿ ಬಾಕಿ ಕಾಣುತ್ತದೆ. ಬೆಂಗಳೂರು ಸಂಚಾರ ಪೊಲೀಸರ ತಾಣವನ್ನೂ ನೋಡುವುದು ಒಳ್ಳೆಯದು. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಂಡೀತು. ಕೋರ್ಟಿಗೆ ಹೋದ ಪ್ರಕರಣ ಕೋರ್ಟಿನಲ್ಲೇ ತೀರಬೇಕು. ಸರ್ಕಾರ ಆಗೊಮ್ಮೆ ಈಗೊಮ್ಮೆ ಅರ್ಧ ದಂಡ ಮನ್ನಾ ಮಾಡಿದೆ, 2023ರ ಫೆಬ್ರವರಿಯಲ್ಲೂ 2025ರ ಆಗಸ್ಟ್–ಸೆಪ್ಟೆಂಬರಿನಲ್ಲೂ. ಆದರೆ ಮತ್ತೊಂದು ರಿಯಾಯಿತಿಗೆ ಕಾಯುತ್ತ ಕೂತರೆ ಗಿರಾಕಿ ಕಾಯುವುದಿಲ್ಲ.

ಸಾಲದ ಗಾಡಿಯಾದರೆ ಇನ್ನೊಂದು ಗಂಟಿದೆ. ಕಂತು ತೀರಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರು ತಾನಾಗಿ ಅಳಿಯದು. ಬ್ಯಾಂಕಿನ ಎನ್‌ಒಸಿ, ಅದರ ಸಹಿಯುಳ್ಳ ಫಾರಂ 35 ಎರಡೂ ಬೇಕು.

ನಂತರ ವರ್ಗಾವಣೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರಿಗೆ 30 ದಿನ. ಬೇರೆ ರಾಜ್ಯಕ್ಕೆ ಹೋಗುವ ಗಾಡಿಗೆ ಫಾರಂ 28ರ ನಿರಾಕ್ಷೇಪಣೆಯೂ ಬೇಕು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ಕಂಪನಿಗೆ ಬರೆಯಬೇಕು.

ಬ್ರೋಕರ್ ಬದಲು ನೋಂದಾಯಿತ ಡೀಲರಿಗೆ ಕೊಟ್ಟರೆ 2023ರ ಏಪ್ರಿಲ್‌ನಿಂದ ಬೇರೆ ದಾರಿಯಿದೆ: ಫಾರಂ 29ಸಿ ಮೂಲಕ ಆರ್‌ಟಿಒಗೆ ಆನ್‌ಲೈನಿನಲ್ಲಿ ತಿಳಿಸಿದರೆ, ಗಾಡಿ ಅಂಗಡಿಯಲ್ಲಿರುವಷ್ಟು ಕಾಲ ಹೊಣೆ ಡೀಲರನದ್ದು. ಖಾಸಗಿ ವ್ಯಾಪಾರದಲ್ಲಿ ಗಾಡಿ ಕೊಟ್ಟ ದಿನಾಂಕ, ಗಂಟೆ ಬರೆದ ರಸೀದಿಗೆ ಇಬ್ಬರೂ ಸಹಿ ಹಾಕಿಟ್ಟುಕೊಳ್ಳುವುದು ವಾಸಿ. ಮರುದಿನ ಬೆಳಗ್ಗೆ ಸಿಗ್ನಲ್ ಹಾರಿದವರು ಯಾರೆಂಬ ತಕರಾರು ಬಂದರೆ ತೋರಿಸಲು ಅದೊಂದಿರುತ್ತದೆ.